ಮೂರು ಕಾಲಂ ನೋಡಿದ್ದರೆ ಸಾಕಿತ್ತು

ನಾನು ಬರೆಯುವುದು ಲೇಸರ್ ಸ್ಕ್ಯಾನರ್ ಕೊಡುವ ಚುಕ್ಕಿಗಳನ್ನು ಜೋಡಿಸುವ ಸಾಫ್ಟ್‌ವೇರ್. ಒಂದು ಪಾರ್ಟನ್ನು ನಾಲ್ಕು ಕಡೆಯಿಂದ ಸ್ಕ್ಯಾನ್ ಮಾಡಿದರೆ ಚುಕ್ಕಿಗಳ ನಾಲ್ಕು ರಾಶಿ ಸಿಗುತ್ತದೆ. ಪ್ರತಿ ರಾಶಿಯ ಜೊತೆ ಒಂದು 3×3 ಮ್ಯಾಟ್ರಿಕ್ಸ್ ಬರುತ್ತದೆ. ಇದನ್ನು ಹೀಗೆ ತಿರುಗಿಸಿ ಅಂತ ಹೇಳುವುದು ಅದೇ. ತಿರುಗಿಸಿ, ಸರಿಸಿ, ಒಟ್ಟಿಗೆ ಇಟ್ಟರೆ ಪೂರ್ತಿ ಪಾರ್ಟ್ ಕಾಣುತ್ತದೆ.

ಒಮ್ಮೆ ಇನ್ಸ್‌ಪೆಕ್ಷನ್ ವಿಭಾಗದವರು ಫೋನ್ ಮಾಡಿದರು. "ಏನ್ರೀ ಇದು, ಪ್ಲೇಟಿಗೆ ವರ್ನಿಯರ್ ಹಿಡಿದರೆ ಸರಿಯಾಗಿ 300 ಮಿ.ಮೀ. ಇದೆ. ನಿಮ್ಮದರಲ್ಲಿ 300.1 ತೋರಿಸ್ತಿದೆ." ಅವರ ಟಾಲರೆನ್ಸ್ 0.05. ಅಂದರೆ ಒಳ್ಳೆಯ ಪಾರ್ಟನ್ನು ನನ್ನ ಸಾಫ್ಟ್‌ವೇರ್ ರಿಜೆಕ್ಟ್ ಮಾಡುತ್ತಿತ್ತು.

ಎರಡು ದಿನ ನಾನು ಸ್ಕ್ಯಾನರನ್ನೇ ಬೈದೆ. ಲೆನ್ಸ್ ಬಿಸಿಯಾಯಿತಾ, ಟೇಬಲ್ ಅಲುಗಾಡಿತಾ ಅಂತ ಹುಡುಕಿದೆ. ತಿರುಗಿಸುವ ಮೊದಲು ರಾಶಿಯಲ್ಲೇ ಅಳೆದಾಗ ಉದ್ದ ಸರಿಯಾಗಿ 300 ಬಂತು. ತಿರುಗಿಸಿದ ಮೇಲೆ 300.1. ವಸ್ತುವನ್ನು ಸುಮ್ನೆ ತಿರುಗಿಸಿದರೆ ಅದು ಬೆಳೆಯೋದಿಲ್ಲ, ಅಲ್ವಾ? ಹಾಗಾದರೆ ಆ ಮ್ಯಾಟ್ರಿಕ್ಸ್ ಬರೀ ತಿರುಗಿಸುತ್ತಿರಲಿಲ್ಲ.

ಫೈಲಿನ ಅಸಲಿ ಅಂಕಿಗಳು ಗೋಜಲಾಗಿದ್ದವು. ಇಲ್ಲಿ ಕೈಲೆಕ್ಕಕ್ಕೆ ಒಗ್ಗುವ ಒಂದನ್ನು ತಗೊಳ್ಳೋಣ. ಈಗಲೂ ಕೋಡ್ ಟೆಸ್ಟ್ ಮಾಡಲು ನಾನು ಇದನ್ನೇ ಇಟ್ಟುಕೊಂಡಿದ್ದೇನೆ:

```
 2/3  -2/3   1/3
 1/3   2/3   2/3
 2/3   1/3  -2/3
```

ಮೊದಲ ಕಾಲಂ ಅಂದರೆ X ಅಕ್ಷದ ಮೇಲಿನ ಒಂದು ಮಿ.ಮೀ. ಕಡ್ಡಿ ತಿರುಗಿದ ಮೇಲೆ ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದು. ಎರಡನೆಯದು Y ಕಡ್ಡಿ, ಮೂರನೆಯದು Z ಕಡ್ಡಿ. ಹೀಗೆ ಓದಲು ಕಲಿತ ಮೇಲೆ ಏನು ನೋಡಬೇಕು ಅನ್ನುವುದು ತಾನಾಗೇ ಹೊಳೆಯುತ್ತದೆ. ಕಡ್ಡಿ ತಿರುಗಿದರೂ ಉದ್ದ 1 ಆಗಿಯೇ ಇರಬೇಕು. ಮೂರೂ ಕಡ್ಡಿಗಳು ಒಂದಕ್ಕೊಂದು 90 ಡಿಗ್ರಿಯಲ್ಲೇ ಇರಬೇಕು. ಮೊದಲ ಕಾಲಂನ ವರ್ಗಗಳನ್ನು ಕೂಡಿ: 4/9 + 1/9 + 4/9 = 1. ಮೊದಲೆರಡು ಕಾಲಂಗಳನ್ನು ಅಂಕಿಗೆ ಅಂಕಿ ಗುಣಿಸಿ ಕೂಡಿ: −4/9 + 2/9 + 2/9 = 0. ಈ ಡಾಟ್ ಪ್ರಾಡಕ್ಟ್ ಸೊನ್ನೆ ಬಂದರೆ ಎರಡೂ ಲಂಬವಾಗಿವೆ ಅಂತ ಅರ್ಥ. ಉಳಿದವೂ ಹೀಗೆಯೇ ಸರಿಹೋಗುತ್ತವೆ. ಇಂಥದ್ದಕ್ಕೆ ಆರ್ಥಾಗೊನಲ್ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಹೆಸರು ಕೇಳಿದರೆ ಬರೀ ಲಂಬವಾಗಿದ್ದರೆ ಸಾಕು ಅನಿಸುತ್ತದೆ. ಸಾಲದು, ಉದ್ದವೂ 1 ಇರಬೇಕು. ಹೆಸರಿಟ್ಟವರ ಮೇಲೆ ನನಗೆ ಈಗಲೂ ಸ್ವಲ್ಪ ಸಿಟ್ಟಿದೆ.

ಬರೀ ಉದ್ದ 1 ಇದ್ದರೆ ಯಾಕೆ ಸಾಲದು? ನನಗೆ ಇದು ತಿಳಿದದ್ದು ಪೇಪರಿನ ಮೇಲೆ ಒಂದು ಚೌಕ ಬರೆದಾಗ. ಎರಡು ಕಾಲಂ (1, 0) ಮತ್ತು (0.6, 0.8) ಇರಲಿ. ಎರಡರ ಉದ್ದವೂ 1, ಆದರೆ ಡಾಟ್ ಪ್ರಾಡಕ್ಟ್ 0.6. ಚೌಕದ ನಾಲ್ಕೂ ಬದಿಯ ಉದ್ದ ಬದಲಾಗಲಿಲ್ಲ. ಆದರೆ ಚೌಕ ವಾಲಿಕೊಂಡಿತು. ಎರಡೂ ಕರ್ಣಗಳು 1.414 ಇರಬೇಕಾದ ಕಡೆ ಒಂದು 1.789 ಆಯಿತು, ಇನ್ನೊಂದು 0.894. ಬದಿ ಮಾತ್ರ ಅಳೆಯುವವನಿಗೆ ಇದು ಗೊತ್ತೇ ಆಗುವುದಿಲ್ಲ.

ಲೆಕ್ಕದಲ್ಲಿ ಇದರ ಗುಟ್ಟು ಒಂದೇ ಸಾಲು. ಕಾಲಂಗಳು a, b ಆದರೆ (x, y) ಅನ್ನುವ ಚುಕ್ಕಿ xa + yb ಆಗುತ್ತದೆ. ಅದರ ಉದ್ದದ ವರ್ಗ:

```
x²(a·a) + y²(b·b) + 2xy(a·b)
```

ಇದು ಯಾವ ಚುಕ್ಕಿಗೂ x² + y² ಆಗಿಯೇ ಉಳಿಯಬೇಕಾದರೆ a·a ಮತ್ತು b·b ಎರಡೂ 1 ಇರಬೇಕು, a·b ಸೊನ್ನೆ ಇರಬೇಕು. ಬೇರೆ ದಾರಿ ಇಲ್ಲ. ಕೋನಕ್ಕೆ ಬೇರೆ ಪರೀಕ್ಷೆಯೂ ಬೇಡ. ಎಲ್ಲ ಉದ್ದ ಉಳಿದರೆ ಯಾವ ತ್ರಿಕೋನದ ಮೂರೂ ಬದಿಗಳು ಉಳಿಯುತ್ತವೆ. ಮೂರೂ ಬದಿ ಅದೇ ಇದ್ದ ಮೇಲೆ ಕೋನ ಬದಲಾಗುವುದಾದರೂ ಹೇಗೆ?

ಈಗ ನನ್ನ 0.1 ಮಿ.ಮೀ. ಕಥೆಗೆ ಬರುತ್ತೇನೆ. ಫೈಲ್ ಬರೆಯುವ ಪ್ರೋಗ್ರಾಂ ಮ್ಯಾಟ್ರಿಕ್ಸನ್ನು ಮೂರೇ ದಶಮಾಂಶಕ್ಕೆ ರೌಂಡ್ ಮಾಡುತ್ತಿತ್ತು. ನಮ್ಮ ಉದಾಹರಣೆಯಲ್ಲಾದರೆ 2/3 ಇದ್ದದ್ದು 0.667, 1/3 ಇದ್ದದ್ದು 0.333. ಹೀಗೆ ರೌಂಡ್ ಆದ ಮ್ಯಾಟ್ರಿಕ್ಸ್ R ಅಂತಿಟ್ಟುಕೊಂಡರೆ, ತಪ್ಪನ್ನು ಪೈಥಾನಿನ NumPy ಲೈಬ್ರರಿಯಲ್ಲಿ ಹೀಗೆ ಹಿಡಿಯಬಹುದು:

```
G = R.T @ R
np.set_printoptions(suppress=True)
print(np.round(G, 6))

[[ 1.000667 -0.000667 -0.000667]
 [-0.000667  1.000667  0.000667]
 [-0.000667  0.000667  1.000667]]
```

`R.T @ R` ಅಂದರೆ ಎಲ್ಲ ಕಾಲಂಗಳ ಡಾಟ್ ಪ್ರಾಡಕ್ಟ್ ಒಂದೇ ಏಟಿಗೆ. ಕರ್ಣದ ಮೇಲೆ ಉದ್ದಗಳ ವರ್ಗ, ಉಳಿದ ಕಡೆ ಜೋಡಿಗಳ ಡಾಟ್ ಪ್ರಾಡಕ್ಟ್. ವರ್ಗ 1.000667 ಆದರೆ ಉದ್ದ 1.000333. ಅದನ್ನು 300ರಿಂದ ಗುಣಿಸಿದರೆ 300.1. ಅಲ್ಲಿಗೆ ಸಿಕ್ಕಿತು! ಜೊತೆಗೆ 90 ಡಿಗ್ರಿ ಮೂಲೆ ಸುಮಾರು 90.04 ಆಗಿತ್ತು. 300 ಮಿ.ಮೀ. ದೂರಕ್ಕೆ ಅದು 0.2 ಮಿ.ಮೀ. ಓರೆ. ಅದನ್ನು ಯಾರೂ ಇನ್ನೂ ಅಳೆದಿರಲಿಲ್ಲ, ನನ್ನ ಪುಣ್ಯ.

ಇಂಥ ಸಣ್ಣ ತಪ್ಪನ್ನು ಸರಿಮಾಡಲು SVD ಬಳಸುತ್ತೇನೆ. ಅದು ಮ್ಯಾಟ್ರಿಕ್ಸನ್ನು ಮೂರು ಭಾಗ ಮಾಡುತ್ತದೆ, ಹಿಗ್ಗಿಸುವ ಕೆಲಸವೆಲ್ಲ ನಡುವಿನ s ಭಾಗದಲ್ಲಿರುತ್ತದೆ. ಅದನ್ನು ಬಿಟ್ಟು ಉಳಿದೆರಡನ್ನು ಗುಣಿಸುತ್ತೇನೆ:

```
U, s, Vt = np.linalg.svd(R)
R = U @ Vt
```

ಇದು ಅತ್ಯಂತ ಹತ್ತಿರದ ಆರ್ಥಾಗೊನಲ್ ಮ್ಯಾಟ್ರಿಕ್ಸ್ ಕೊಡುತ್ತದೆ. ಮೊದಲು ಕಾಲಂಗಳನ್ನು ಒಂದೊಂದಾಗಿ ಲಂಬಕ್ಕೆ ತರುವ ಗ್ರಾಂ-ಶ್ಮಿಟ್ ವಿಧಾನ ಬಳಸುತ್ತಿದ್ದೆ. ಅದು ಮೊದಲ ಕಾಲಂನ ದಿಕ್ಕನ್ನು ಮುಟ್ಟದೆ ಭಾರವನ್ನೆಲ್ಲ ಮುಂದಿನವುಗಳ ಮೇಲೆ ಹೇರುತ್ತದೆ. SVD ಮೂರಕ್ಕೂ ಹಂಚುತ್ತದೆ. ಆದರೆ ಇದರಿಂದ ಕಳೆದುಹೋದ ಅಂಕಿಗಳು ವಾಪಸ್ ಬರುವುದಿಲ್ಲ. ಪಾರ್ಟಿನ ಅಳತೆ ಸರಿಯಾಗುತ್ತದೆ, ದಿಕ್ಕಿನಲ್ಲಿ ಕೂದಲೆಳೆಯಷ್ಟು ತಪ್ಪು ಉಳಿಯಬಹುದು. ಸರಿಯಾದ ಮದ್ದು ಅಂದರೆ ಫೈಲಿನಲ್ಲೇ ಜಾಸ್ತಿ ದಶಮಾಂಶ ಬರೆಸುವುದು. ಅದನ್ನೂ ಮಾಡಿಸಿದೆ. G ಮತ್ತು ಕರ್ಣದ ಮೇಲೆ 1, ಉಳಿದ ಕಡೆ ಸೊನ್ನೆ ಇರುವ ಯೂನಿಟ್ ಮ್ಯಾಟ್ರಿಕ್ಸ್ ನಡುವೆ 0.01ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ನನ್ನ ಕೋಡ್ ಸರಿಮಾಡಲು ಹೋಗುವುದೇ ಇಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ಒಮ್ಮೆ ಮೂರೂ ಕಾಲಂಗಳ ಉದ್ದ 25.4 ಬಂದಿತ್ತು. ಯಾರೋ ಇಂಚನ್ನು ಮಿ.ಮೀ. ಮಾಡುವ ಗುಣಾಕಾರವನ್ನು ಅದರೊಳಗೇ ತುರುಕಿದ್ದರು. ಅಂಥದ್ದನ್ನು SVD ಸದ್ದಿಲ್ಲದೆ ನುಂಗಿಬಿಟ್ಟರೆ ಕಷ್ಟ.

ಇಷ್ಟಾದ ಮೇಲೆ ವರದಿಗಳು ಚೆನ್ನಾಗಿಯೇ ಬಂದವು. ಉದ್ದ ಸರಿ, ಕೋನ ಸರಿ, ತೂತುಗಳ ನಡುವಿನ ದೂರ ಸರಿ. ಮೂರು ವಾರದ ಮೇಲೆ ಅದೇ ವಿಭಾಗದಿಂದ ಮತ್ತೆ ಫೋನ್. ಪ್ಲೇಟಿನ ಹಿಂದೆ ಎರಕದಲ್ಲಿ ಮೂಡಿದ ಪಾರ್ಟ್ ನಂಬರ್ ಸ್ಕ್ರೀನಿನಲ್ಲಿ ಉಲ್ಟಾ ಕಾಣುತ್ತಿತ್ತು, ಕನ್ನಡಿಯಲ್ಲಿ ನೋಡಿದ ಹಾಗೆ.

ಕನ್ನಡಿ ಉದ್ದವನ್ನೂ ಬದಲಿಸುವುದಿಲ್ಲ, ಕೋನವನ್ನೂ ಬದಲಿಸುವುದಿಲ್ಲ. ಹಾಗಾಗಿ ಕನ್ನಡಿಯ ಮ್ಯಾಟ್ರಿಕ್ಸೂ ಆರ್ಥಾಗೊನಲ್ಲೇ, ನನ್ನ ಪರೀಕ್ಷೆಯಲ್ಲಿ ನೂರಕ್ಕೆ ನೂರು ಪಾಸ್. ಮೇಲೆ ಕೊಟ್ಟ ಟೆಸ್ಟ್ ಮ್ಯಾಟ್ರಿಕ್ಸ್ ಕೂಡ ಇಂಥದ್ದೇ. ಅದರ ಮೊದಲೆರಡು ಕಾಲಂಗಳಿಗೆ, ಎರಡಕ್ಕೂ ಲಂಬವಾದ ದಿಕ್ಕು ಕೊಡುವ ಕ್ರಾಸ್ ಪ್ರಾಡಕ್ಟ್ ಮಾಡಿ: (−1/3, −2/3, 2/3). ಮೂರನೇ ಕಾಲಂ ಇರುವುದು (1/3, 2/3, −2/3). ಸರಿಯಾಗಿ ಎದುರು ದಿಕ್ಕು. ಬರೀ ತಿರುಗಿಸುವ ಮ್ಯಾಟ್ರಿಕ್ಸಿನಲ್ಲಿ ಇವೆರಡೂ ಒಂದೇ ಆಗಬೇಕು. `np.linalg.det(R)` ಕೇಳಿದರೂ ಗೊತ್ತಾಗುತ್ತದೆ, 1 ಬದಲು −1 ಬರುತ್ತದೆ. ಹಾಗಂತ ಡಿಟರ್ಮಿನೆಂಟ್ ಒಂದನ್ನೇ ನೋಡಿದರೂ ಕೆಟ್ಟಿತು. (1, 0), (1, 1) ಕಾಲಂಗಳ ಡಿಟರ್ಮಿನೆಂಟ್ 1, ಆದರೆ ಅದು ಚೌಕವನ್ನು ಪಕ್ಕಕ್ಕೆ ಎಳೆದುಬಿಡುತ್ತದೆ.

ಯಾವುದೋ ಒಂದು ಕಾಲಂನ ಚಿಹ್ನೆ ಬದಲಿಸಿ ಮುಗಿಸೋಣ ಅಂತ ಕೈ ತುರಿಸಿತು. ಯಾವುದನ್ನು ಬದಲಿಸಿದರೂ ಡಿಟರ್ಮಿನೆಂಟ್ 1 ಆಗುತ್ತದೆ. ಆದರೆ ಪ್ರತಿಯೊಂದೂ ಪ್ಲೇಟನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸುತ್ತದೆ. ಅದಕ್ಕೆ ಫೈಲ್ ಓದುವ ಕೋಡಿಗೆ ಹೋದೆ. ಆ ಸ್ಕ್ಯಾನರಿನ Z ಅಕ್ಷ ನಮ್ಮದಕ್ಕೆ ಉಲ್ಟಾ ಇತ್ತು. ಚುಕ್ಕಿಗಳನ್ನು ಓದುವಾಗ z ಚಿಹ್ನೆ ಬದಲಿಸಿದ್ದೆ, ಮ್ಯಾಟ್ರಿಕ್ಸಿನ ಮೂರನೇ ಕಾಲಂನಲ್ಲಿ ಬದಲಿಸಲು ಮರೆತಿದ್ದೆ. ಸ್ಕ್ಯಾನರಿನ ತಪ್ಪಲ್ಲ, ನನ್ನದೇ. ಒಂದು ಮೈನಸ್ ಸೇರಿಸಿ ಮತ್ತೆ ಓಡಿಸಿದೆ. ಪಾರ್ಟ್ ನಂಬರ್ ಎಡದಿಂದ ಬಲಕ್ಕೆ ನೆಟ್ಟಗೆ ಓದಲು ಬಂತು.