ಮಳೆಯಿಂದ ಗಡಿಯವರೆಗೆ: ಕಲ್ಪಿತ ನಾಡಿನ ನಕಾಶೆಯನ್ನು ನಾನು ಬಿಡಿಸಿದ ಬಗೆ

ಕಾದಂಬರಿಯ ಐದನೆಯ ಅಧ್ಯಾಯದಲ್ಲಿ ನನ್ನ ಕಥೆ ನಿಂತುಹೋಯಿತು. ಐದು ಸಾವಿರ ಜನರ ಸೈನ್ಯವೊಂದು ಘಟ್ಟದ ನೆತ್ತಿಯಲ್ಲಿರುವ ರಾಜಧಾನಿಯನ್ನು ಮುತ್ತಬೇಕಿತ್ತು. ಅವರು ಯಾವ ದಾರಿಯಲ್ಲಿ ಬರುತ್ತಾರೆ, ಯಾವ ತಿಂಗಳಲ್ಲಿ ಬರುತ್ತಾರೆ, ಏನನ್ನು ತಿನ್ನುತ್ತಾರೆ ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ನನ್ನ ನಕಾಶೆ ಉತ್ತರ ಕೊಡಲಿಲ್ಲ. ಮೊದಲು ಕರಾವಳಿಯ ಗೆರೆ ಎಳೆದು, ಖಾಲಿ ಉಳಿದಲ್ಲಿ ಬೆಟ್ಟ ಕೂರಿಸಿ, ಬೆಟ್ಟದ ನಡುವೆ ಭವ್ಯವಾಗಿ ಕಾಣಲೆಂದು ರಾಜಧಾನಿಯನ್ನು ಇಟ್ಟಿದ್ದೆ. ಒಂದು ನದಿಯಂತೂ ಬೆಟ್ಟಸಾಲಿನ ಪೂರ್ವಕ್ಕೆ ಹುಟ್ಟಿ, ಸಾಲನ್ನೇ ಅಡ್ಡ ಸೀಳಿಕೊಂಡು ಪಶ್ಚಿಮದ ಕಡಲಿಗೆ ಹರಿಯುತ್ತಿತ್ತು.

ಹಾಸನದಲ್ಲಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಬಿಸಿಲೆ ಘಟ್ಟದ ಏಣಿನ ಮೇಲೆ ಬಿದ್ದ ಮಳೆ ಎರಡು ಪಾಲಾಗುವುದನ್ನು ನಾವು ಶಾಲೆಯ ದಿನಗಳಲ್ಲೇ ನೋಡಿ ಬಂದಿದ್ದೆವು. ಒಂದು ಪಾಲು ಕುಮಾರಧಾರೆಯ ಕಡೆಗೆ ಇಳಿದು ಅರಬ್ಬಿ ಸಮುದ್ರವನ್ನು ಸೇರುತ್ತದೆ. ಇನ್ನೊಂದು ಹೇಮಾವತಿಯನ್ನು ಕೂಡಿ ಕಾವೇರಿಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹಳೆಯ ಹಾಳೆಯನ್ನು ಬದಿಗಿಟ್ಟು, ಸಕಲೇಶಪುರದಿಂದ ಅರಸೀಕೆರೆಯವರೆಗೆ ರೈಲಿನ ಕಿಟಕಿಯ ಬಳಿ ಕುಳಿತು, ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದುಕೊಂಡೆ.

ನೂರು ಕಿಲೋಮೀಟರಿಗೂ ಕಡಿಮೆ ದಾರಿ ಅದು. ಸಕಲೇಶಪುರದಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅರಸೀಕೆರೆಗೆ ಬರುವ ಹೊತ್ತಿಗೆ ಅದು ಮೂರನೆಯ ಒಂದು ಪಾಲಿನ ಆಸುಪಾಸಿಗೆ ಇಳಿದಿರುತ್ತದೆ. ಕಿಟಕಿಯ ಹೊರಗೆ ಗದ್ದೆ, ಅಡಿಕೆ, ಕಾಫಿ ಹಿಂದಾಗಿ ಮೊದಲು ಜೋಳ, ರಾಗಿ ಬಂದವು, ಆಮೇಲೆ ತೆಂಗಿನ ತೋಟಗಳು ಬಂದವು. ಬೆಳೆಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮನೆಗಳು. ಮಲೆನಾಡಿನಲ್ಲಿ ಪ್ರತಿ ಕಣಿವೆಗೂ ತನ್ನದೇ ಹಳ್ಳವಿದೆ, ಆದ್ದರಿಂದ ಮನೆಗಳು ತಮ್ಮ ತಮ್ಮ ಗದ್ದೆಯ ತಲೆಯಲ್ಲಿ ಚದುರಿವೆ. ಬಯಲಿನಲ್ಲಿ ಊರಿಗೆಲ್ಲ ಒಂದೇ ಕೆರೆ, ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ಒಟ್ಟಾಗಿವೆ. ಕೆರೆ ಎಂದರೆ ಏರಿ, ತೂಬು, ಸರದಿಯಂತೆ ನೀರು ಬಿಡುವ ನೀರುಗಂಟಿ, ಹೂಳು ತೆಗೆಸುವ ಯಜಮಾನಿಕೆ. ಚದುರಿದ ಮನೆಗಳ ನಾಡಿನಲ್ಲಿ ಒಂದೊಂದು ಕಣಿವೆಗೆ ಒಬ್ಬೊಬ್ಬ ನಾಯಕ ಇರುವುದು ಸಹಜ, ಕೆರೆಯ ನಾಡಿನಲ್ಲಿ ಲೆಕ್ಕ ಇಡುವ, ಕಂದಾಯ ಎತ್ತುವ ಅರಸೊತ್ತಿಗೆ ಬೆಳೆಯುವುದು ಸಹಜ. ನನ್ನ ಎರಡು ರಾಜ್ಯಗಳ ಸ್ವಭಾವ ಆ ಕಿಟಕಿಯ ಬಳಿಯೇ ತೀರ್ಮಾನವಾಯಿತು.

ಹೊಯ್ಸಳರ ಕಥೆಯನ್ನು ನಾನು ಈಗ ಹೀಗೆಯೇ ಓದುತ್ತೇನೆ. ಮೂಡಿಗೆರೆ ಸೀಮೆಯ ಸೊಸೆವೂರು, ಅಂದರೆ ಇಂದಿನ ಅಂಗಡಿ, ಅವರ ಮೂಲ. ಅಲ್ಲಿಂದ ಬೇಲೂರಿಗೆ, ಬೇಲೂರಿನಿಂದ ದೊಡ್ಡ ಕೆರೆಯ ದೋರಸಮುದ್ರಕ್ಕೆ ಇಳಿದರು. ಮಳೆಯ ಕಾಡೂ ಅಲ್ಲದ, ಒಣ ಬಯಲೂ ಅಲ್ಲದ ಅರೆಮಲೆನಾಡಿನ ಪಟ್ಟಿ ಅದು. ಮಲೆಯ ನಾಯಕರಲ್ಲಿ ವೀರ ಎಂಬರ್ಥದ ‘ಮಲೆಪರೊಳ್ಗಂಡ’ ಬಿರುದನ್ನು ಮಾತ್ರ ಬಿಡಲಿಲ್ಲ. ಮಲೆಯ ನಾಯಕರನ್ನು ಅಂಕೆಯಲ್ಲಿಟ್ಟು, ದೊಡ್ಡ ಸೈನ್ಯಕ್ಕೆ ಬೇಕಾದ ಧಾನ್ಯವನ್ನೂ ಬೆಳೆಯಬಲ್ಲ ಜಾಗ ಆ ನಡುಪಟ್ಟಿಯೇ. ನನ್ನ ರಾಜಧಾನಿ ಘಟ್ಟದ ನೆತ್ತಿಯಿಂದ ಇಳಿದು ಅಲ್ಲಿಗೆ ಬಂತು.

ಎರಡನೆಯ ಹಾಳೆಯಲ್ಲಿ ನಾನು ಮೊದಲು ಎಳೆದದ್ದು ಬೆಟ್ಟಸಾಲನ್ನು. ಒಂದು ಸೆಂಟಿಮೀಟರಿಗೆ ಐದು ಕಿಲೋಮೀಟರ್ ಎಂದು ಅಳತೆ ಇಟ್ಟುಕೊಂಡೆ. ಕಡಲಿನಿಂದ ಘಟ್ಟದ ಬುಡಕ್ಕೆ ಹನ್ನೆರಡು ಸೆಂಟಿಮೀಟರ್, ನೆತ್ತಿಯಿಂದ ಪೂರ್ವದ ಹುಲ್ಲುಗಾವಲಿಗೆ ಇಪ್ಪತ್ತು. ಆಮೇಲೆ ಗಾಳಿಯ ಬಾಣ. ಕಡಲಿನಿಂದ ಬಂದ ತೇವದ ಗಾಳಿ ಬೆಟ್ಟಕ್ಕೆ ಗುದ್ದಿ ಮೇಲೇರುತ್ತದೆ, ಏರುತ್ತಾ ತಣಿಯುತ್ತದೆ, ತಣಿದು ಮಳೆ ಸುರಿಸುತ್ತದೆ. ಆಚೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಹೀಗೆ ಮಳೆಯ ಪಟ್ಟಿಗಳನ್ನು ಬಣ್ಣದ ಪೆನ್ಸಿಲಿನಿಂದ ತುಂಬಿದೆ. ನದಿಗಳನ್ನು ಎಳೆದದ್ದು ಅದಾದ ಮೇಲೆ. ಪಶ್ಚಿಮಕ್ಕೆ ಗಿಡ್ಡನೆಯ, ಕಡಿದಾದ ನದಿಗಳು, ಪೂರ್ವಕ್ಕೆ ಉದ್ದನೆಯ, ನಿಧಾನದ ನದಿಗಳು. ಪ್ರತಿ ನದಿಯ ಮೇಲೂ ಬೆರಳಿಟ್ಟು ಕಡಲಿನವರೆಗೆ ಎಳೆದು ನೋಡಿದೆ. ಬೆರಳು ಏಣನ್ನು ದಾಟಿದರೆ ನದಿ ತಪ್ಪು. ಕೆಳಗೆ ಹೋದಂತೆ ನದಿಗಳು ಒಂದನ್ನೊಂದು ಕೂಡಬೇಕು, ಕವಲೊಡೆಯುವುದು ಹೆಚ್ಚಾಗಿ ಅಳಿವೆಯ ಬಳಿ ಮಾತ್ರ.

ಇಷ್ಟಾದ ಮೇಲೆ ಭೂಗೋಳ ಕಲಿಸುವ ಗೆಳೆಯನಿಗೆ ಹಾಳೆಯನ್ನು ತೋರಿಸಿದೆ. ಅವನು ಮೇಲಂಚಿಗೆ ಬೆರಳಿಟ್ಟು ಕೇಳಿದ: “ಉತ್ತರಕ್ಕೆ ಏನಿದೆ?”

“ಕಡಲು.”

“ಹಾಗಾದರೆ ನಿನ್ನ ಗಾಳಿ ಪಶ್ಚಿಮದಿಂದ ಏಕೆ ಬರುತ್ತದೆ?”

ಹಾಸನ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ನನ್ನ ನಾಡನ್ನೂ ಅಲ್ಲಿಯೇ ಇಟ್ಟಿದ್ದೆ. ಆ ಅಕ್ಷಾಂಶದಲ್ಲಿ ಸಾಮಾನ್ಯವಾಗಿ ಬೀಸುವುದು ಪೂರ್ವದ ಕಡೆಯಿಂದ ಬರುವ ವಾಣಿಜ್ಯ ಮಾರುತ. ಬೇರೇನೂ ಇಲ್ಲದಿದ್ದರೆ ಬೆಟ್ಟದ ಪೂರ್ವದ ಮೈ ಹಸಿರಾಗಬೇಕು, ಪಶ್ಚಿಮ ಒಣಗಬೇಕು. ನಮ್ಮಲ್ಲಿ ಅದು ತಿರುಗುಮುರುಗಾಗಿರುವುದು ಉತ್ತರದಲ್ಲಿ ಮಹಾ ಭೂಖಂಡವೊಂದು ಬೇಸಿಗೆಯಲ್ಲಿ ಕಾದು ಗಾಳಿಯನ್ನು ಸೆಳೆಯುವುದರಿಂದ. ದಕ್ಷಿಣಾರ್ಧದ ಗಾಳಿ ಸಮಭಾಜಕವನ್ನು ದಾಟಿ, ಭೂಮಿಯ ತಿರುಗುವಿಕೆಯಿಂದ ಬಲಕ್ಕೆ ವಾಲಿ, ನೈಋತ್ಯ ಮುಂಗಾರಾಗಿ ಬರುತ್ತದೆ. ನನ್ನ ನಾಡಿನ ಉತ್ತರಕ್ಕೆ ಬರಿಯ ಕಡಲಿದ್ದರೆ ಮುಂಗಾರೇ ಇಲ್ಲ. ಕಥೆಯ ಪಾತ್ರಗಳು ಯಾರೂ ಅತ್ತ ಹೋಗದಿದ್ದರೂ, ಹಾಳೆಯ ಮೇಲಂಚಿಗೆ ಇನ್ನೊಂದು ಹಾಳೆ ಅಂಟಿಸಿ ಉತ್ತರದ ನೆಲವನ್ನು ಬೆಳೆಸಿದೆ. ಸಮಶೀತೋಷ್ಣ ವಲಯದ ನಾಡನ್ನು ಬರೆಯುವವರಿಗೆ ಈ ತೊಡಕು ಇಲ್ಲ, ಅಲ್ಲಿ ಪಶ್ಚಿಮದ ಗಾಳಿಯೇ ಹೆಚ್ಚು. ಆದರೆ ಅಲ್ಲಿ ಹಿಮ ಇರುತ್ತದೆ, ಅದು ನಾನು ಕಣ್ಣಾರೆ ಕಂಡು ಬರೆಯಬಲ್ಲ ಲೋಕವಲ್ಲ.

ಇನ್ನು ದಾರಿಗಳು. ಇಲ್ಲಿ ನಾನು ಅತಿ ಹೆಚ್ಚು ದಿನ ಕಳೆದೆ. ಘಟ್ಟದ ಮೇಲಿನವರಿಗೆ ಅಕ್ಕಿ ಇದೆ, ಮೆಣಸಿದೆ, ಅಡಿಕೆ ಇದೆ, ಉಪ್ಪಿಲ್ಲ. ಆದ್ದರಿಂದ ಪ್ರತಿ ಊರಿನ ಮೇಲೂ ಬೆರಳಿಟ್ಟು ‘ಇವರ ಉಪ್ಪು ಎಲ್ಲಿಂದ ಬರುತ್ತದೆ’ ಎಂದು ಕೇಳಿಕೊಂಡು ದಾರಿ ಎಳೆದೆ. ಹೊಳೆಗಳು ಬಂಡೆಯಿಂದ ತುಂಬಿರುವುದರಿಂದ ದೋಣಿ ಘಟ್ಟ ಹತ್ತುವುದಿಲ್ಲ, ಹೇರೆತ್ತುಗಳೇ ಗತಿ. ಒಂದು ಎತ್ತು ನೂರು ಕಿಲೋ ಹೊತ್ತು ದಿನಕ್ಕೆ ಹನ್ನೆರಡು ಕಿಲೋಮೀಟರ್ ನಡೆಯುತ್ತದೆ ಎಂದು ಹಿಡಿದೆ. ಕಡಲಿನಿಂದ ಘಟ್ಟದ ಬುಡಕ್ಕೆ ಐದು ದಿನ, ಏರಲು ಒಂದು ದಿನ. ಬುಡದಲ್ಲಿ ಒಂದು ಪೇಟೆ ತಾನಾಗಿ ಹುಟ್ಟಿತು, ಏಕೆಂದರೆ ಅಲ್ಲಿ ಎತ್ತುಗಳು ತಂಗಲೇಬೇಕು. ನೆತ್ತಿಯಲ್ಲಿ ಹೊರೆ ಇಳಿಸುವ ಇನ್ನೊಂದು ಊರು ಹುಟ್ಟಿತು, ಅದಕ್ಕೆ ಹೊರೆಗಲ್ಲು ಎಂದು ಹೆಸರಿಟ್ಟೆ. ಕಣಿವೆದಾರಿಗೆ ಕಾವಲು ಕೋಟೆ ಅಲ್ಲಿಯೇ ಬೇಕು. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯ ಮೇಲೆ ನಿಂತವರಿಗೆ ಕಾರಣವನ್ನು ವಿವರಿಸಬೇಕಾಗಿಲ್ಲ: ಕರಾವಳಿಗೆ ಇಳಿಯುವ ದಾರಿ ಕಾಲ ಕೆಳಗೇ ಇದೆ.

ನನ್ನ ಮಲೆರಾಜ್ಯದಲ್ಲಿ ಐವತ್ತು ಸಾವಿರ ಜನ. ತಲೆಗೆ ವರ್ಷಕ್ಕೆ ಐದು ಕಿಲೋ ಉಪ್ಪು ಎಂದರೆ ಎರಡೂವರೆ ಸಾವಿರ ಹೇರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ಮುಚ್ಚಿರುತ್ತದೆ. ಉಳಿದ ತಿಂಗಳುಗಳಲ್ಲಿ ಒಂದು ಎತ್ತು, ವಿಶ್ರಾಂತಿ ಕಳೆದು, ಹತ್ತು ಸಲ ಹೋಗಿಬರಬಹುದು. ಅಂದರೆ ಇನ್ನೂರೈವತ್ತು ಎತ್ತುಗಳು ಸಾಕು.

ಈಗ ಐದನೆಯ ಅಧ್ಯಾಯದ ಸೈನ್ಯ. ಐದು ಸಾವಿರ ಜನ, ದಿನಕ್ಕೆ ತಲೆಗೆ ಒಂದು ಕಿಲೋ ಧಾನ್ಯ, ಮೂವತ್ತು ದಿನ: ಒಂದೂವರೆ ಲಕ್ಷ ಕಿಲೋ, ಸಾವಿರದೈನೂರು ಎತ್ತು. ಎತ್ತು ಓಡಿಸುವವರ ಊಟ ಇದರಲ್ಲಿ ಸೇರಿಲ್ಲ. ಎತ್ತುಗಳಿಗೆ ಮೇವನ್ನು ಹೊತ್ತು ಸಾಗುವುದು ಆಗದ ಮಾತು, ದಾರಿಯಲ್ಲಿ ಹುಲ್ಲು, ಕೆರೆಯಲ್ಲಿ ನೀರು ಇರಬೇಕು. ಆದ್ದರಿಂದ ಯುದ್ಧ ದಸರೆಯ ನಂತರ ಹೊರಟು, ಬೇಸಿಗೆ ಬಲಿಯುವ ಮೊದಲೇ ಮುಗಿಯಬೇಕು. ವಿಜಯದಶಮಿಯಂದು ಸೀಮೋಲ್ಲಂಘನ ಮಾಡುವ ಪದ್ಧತಿಯ ಹಿಂದೆ ಈ ಹುಲ್ಲು ನೀರಿನ ಲೆಕ್ಕವೂ ಇದೆ ಎಂದು ನಾನು ನಂಬುತ್ತೇನೆ. ಮಲಿಕ್ ಕಾಫರನ ಸೈನ್ಯ ದೋರಸಮುದ್ರವನ್ನು ತಲುಪಿದ್ದೂ 1311ರ ಫೆಬ್ರವರಿಯಲ್ಲಿ, ದಾರಿ ಒಣಗಿದ ಋತುವಿನಲ್ಲಿ.

ಹೀಗಾಗಿ ವ್ಯಾಪಾರಕ್ಕೂ ಯುದ್ಧಕ್ಕೂ ಬೇಕಾದದ್ದು ಅದೇ ತಿಂಗಳುಗಳು, ಅದೇ ಎತ್ತುಗಳು. ಆ ಎತ್ತುಗಳು ಎಲ್ಲಿ ಬೆಳೆಯುತ್ತವೆ? ಮಳೆನಾಡಿನಲ್ಲಿ ಅಲ್ಲ. ನಮ್ಮ ಮಲೆನಾಡ ಗಿಡ್ಡ ಚಿಕ್ಕ ಮೈಯ ತಳಿ, ಕಾಡಿನ ಮೇವಿಗೆ ಒಗ್ಗಿದ್ದು. ಬಿರುಸಾಗಿ ನಡೆಯುವ ಅಮೃತಮಹಲ್ ತಳಿ ಕಡೂರು, ಅಜ್ಜಂಪುರದ ಒಣ ಸೀಮೆಯ ಹುಲ್ಲುಗಾವಲುಗಳಲ್ಲಿ ಬೆಳೆದದ್ದು. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ತೋಪುಗಳನ್ನೂ ಸಾಮಾನುಗಳನ್ನೂ ಎಳೆದದ್ದು ಆ ಎತ್ತುಗಳೇ. ನನ್ನ ನಕಾಶೆಯಲ್ಲಿ ಬೆಲೆಬಾಳುವ ನೆಲ ಯಾವುದು ಎಂದು ಆಗ ತಿಳಿಯಿತು. ಹಳೆಯ ಹಾಳೆಯಲ್ಲಿ ನಾನು ‘ಬಂಜರು’ ಎಂದು ಬರೆದು ಬಿಟ್ಟಿದ್ದ ಪೂರ್ವದ ಹುಲ್ಲುಬಯಲು ಅದು. ಬಯಲರಾಜ್ಯದ ಕೈಯಲ್ಲಿ ಎತ್ತುಗಳಿವೆ, ಮಲೆರಾಜ್ಯದ ಕೈಯಲ್ಲಿ ಘಟ್ಟದ ದಾರಿಯಿದೆ. ಒಬ್ಬರು ಕೈ ಮುಚ್ಚಿದರೆ ಇನ್ನೊಬ್ಬರ ಮನೆಗೆ ಉಪ್ಪಿಲ್ಲ.

ಗಡಿಯನ್ನು ಕೊನೆಯಲ್ಲಿ ಎಳೆದೆ, ಅದೂ ಪೆನ್ಸಿಲಿನಲ್ಲಿ. ಬೆಟ್ಟದ ಏಣನ್ನೇ ಗಡಿ ಮಾಡುವ ಅಭ್ಯಾಸ ನನ್ನಲ್ಲೂ ಇತ್ತು, ಆದರೆ ಏಣಿನ ಎರಡೂ ಬದಿಯಲ್ಲಿ ಇರುವವರು ಮಲೆಯ ಜನರೇ. ಜಗಳ ನಡೆಯುವುದು ಅರೆಮಲೆನಾಡಿನ ಕೆರೆಗಳಿಗಾಗಿ. ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ಬಯಲರಾಜ್ಯ ತನ್ನ ಕೆರೆಗಳಲ್ಲೇ ತೃಪ್ತ. ಎರಡು ವರ್ಷ ಸತತ ಬರ ಬಂದರೆ ಅದು ಪಶ್ಚಿಮಕ್ಕೆ ಸರಿಯುತ್ತದೆ. ಹಾಗಾಗಿ ನನ್ನ ಗಡಿ ಒಂದು ಗೆರೆಯಲ್ಲ, ಆರು ಸೆಂಟಿಮೀಟರ್ ಅಗಲದ ಪಟ್ಟಿ. ಅಲ್ಲಿನ ಊರವರು ಎರಡು ಮಾಪನಗಳಲ್ಲಿ ಧಾನ್ಯ ಅಳೆಯುತ್ತಾರೆ, ಇಬ್ಬರು ಅರಸರ ಹೆಸರಿನ ತೂಬುಗಲ್ಲುಗಳು ಒಂದೇ ಏರಿಯ ಮೇಲೆ ನಿಂತಿವೆ.

ಐದನೆಯ ಅಧ್ಯಾಯವನ್ನು ಮುತ್ತಿಗೆಯಿಂದ ಆರಂಭಿಸುವುದನ್ನು ಕೈಬಿಟ್ಟೆ. ಈಗ ಅದು ಹೊರೆಗಲ್ಲಿನಲ್ಲಿ, ಸುಂಕ ಬರೆದುಕೊಳ್ಳುವ ಒಬ್ಬ ಹೆಂಗಸಿನಿಂದ ಆರಂಭವಾಗುತ್ತದೆ. ಮಳೆ ನಿಂತಿದೆ, ದಸರೆ ಕಳೆದು ಹನ್ನೆರಡು ದಿನವಾಗಿದೆ, ಪೂರ್ವದ ದಾರಿಯಲ್ಲಿ ಎತ್ತಿನ ಗಂಟೆಯ ಸದ್ದಿಲ್ಲ. ಅವಳು ಕಡತ ಮುಚ್ಚಿ, ಮನೆಯ ಉಪ್ಪಿನ ಮಡಕೆಯನ್ನು ಅಳೆದು ನೋಡಿ, ಕೋಟೆಗೆ ಆಳು ಕಳಿಸುತ್ತಾಳೆ.