ನಾಲ್ಕು ಡಬ್ಬಿ, ಒಂದೇ ಬೆಳಕು

ಬ್ಯಾಡಗಿ ಮೆಣಸಿನ ಪುಡಿಯ ನಾಲ್ಕು ಡಬ್ಬಿಗಳನ್ನು ಒಂದೇ ಚಿತ್ರದಲ್ಲಿ ತೋರಿಸಲು ಎಐಗೆ ‘100 ಗ್ರಾಂ, 250 ಗ್ರಾಂ, 500 ಗ್ರಾಂ, 1 ಕೆಜಿ’ ಎಂದು ಬರೆದಿದ್ದೆ. ಒಂದು ಕೆಜಿಯದು ಹಂಡೆಯಂತೆ ಬಂತು! ಗ್ರಾಂ ಎಂಬುದು ತೂಕ. ಚಿತ್ರಕ್ಕೆ ಬೇಕಾದದ್ದು ಎತ್ತರ. ಆಕಾರ ಒಂದೇ ಆಗಿದ್ದರೆ ಹತ್ತುಪಟ್ಟು ಪುಡಿ ಹಿಡಿಯುವ ಡಬ್ಬಿ ಎರಡು ಪಟ್ಟಿಗಿಂತ ತುಸು ಮಾತ್ರ ಎತ್ತರ. ಅಳತೆಪಟ್ಟಿ ಹಿಡಿದೆ: 7, 9.5, 12, 15 ಸೆಂ.ಮೀ. ಆಮೇಲೆ ಹೀಗೆ ಬರೆದೆ:

“ಸರಿಯಾಗಿ ನಾಲ್ಕು ಗಾಜಿನ ಡಬ್ಬಿಗಳು, ಎಡದಿಂದ ಬಲಕ್ಕೆ ಗಿಡ್ಡದರಿಂದ ಎತ್ತರಕ್ಕೆ, ಕೊನೆಯದು ಮೊದಲನೆಯದರ ಎರಡು ಪಟ್ಟಿಗಿಂತ ತುಸು ಹೆಚ್ಚು ಎತ್ತರ. ತಳಗಳು ಒಂದೇ ಗೆರೆಯಲ್ಲಿ. ಪ್ರತಿ ಎರಡರ ನಡುವೆ ಅತಿ ಚಿಕ್ಕ ಡಬ್ಬಿಯ ಅರ್ಧ ಅಗಲದಷ್ಟು ಜಾಗ. ಕ್ಯಾಮೆರಾ ನೇರ ಎದುರಿಗೆ. ಎಡ ಮೇಲಿನಿಂದ ಒಂದೇ ಮೃದು ಬೆಳಕು. ಎಲ್ಲ ನೆರಳು ಬಲಕ್ಕೆ. ಲೇಬಲ್ ಖಾಲಿ.”

ಜಾಗವನ್ನು ಅಂಚಿನಿಂದ ಅಂಚಿಗೆ ಹೇಳಿ. ನಡುವಿನಿಂದ ನಡುವಿಗೆ ಅಳೆದರೆ ದೊಡ್ಡವು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಎಲ್ಲ ಡಬ್ಬಿಗಳ ಮೇಲೂ ಬೆಳಕು ಒಂದೇ ಕಡೆಯಿಂದ ಬಿದ್ದಿದೆಯೇ ಎಂದು ತಿಳಿಯಲು ಗಾಜಿನ ಮೇಲಿನ ಬಿಳಿ ಹೊಳಪು ನೋಡಿ: ನಾಲ್ಕರಲ್ಲೂ ಎಡಗಡೆಯೇ ಇರಬೇಕು. ನನಗೆ ಮೂರನೆಯದರಲ್ಲಿ ಬಲಕ್ಕೆ ಬಂದಿತ್ತು, ಅಂಟಿಸಿದಂತೆ ಕಂಡಿತು. ಲೇಬಲ್ಲನ್ನು ನಂತರ ನೀವೇ ಕೂಡಿಸಿ. ಕನ್ನಡ ಅಕ್ಷರಗಳ ಒತ್ತುಗಳು ಎಐ ಚಿತ್ರದಲ್ಲಿ ಕೆಡಬಹುದು.