ಒಂದೂ ಹಳೇ ಪೇಪರ್ ಬಿಡಿಸದೆ, ಬರೀ ಎಣಿಸಿ ಓದಿದ ಕಥೆ

ಭೌತಶಾಸ್ತ್ರದ ಪರೀಕ್ಷೆಗೆ ಒಂದು ತಿಂಗಳು ಉಳಿದಿತ್ತು. ಹದಿನಾಲ್ಕು ಅಧ್ಯಾಯ. ಹಳೇ ಪ್ರಶ್ನೆಪತ್ರಿಕೆ ಬಿಡಿಸು ಅಂತ ಎಲ್ಲರೂ ಹೇಳುತ್ತಿದ್ದರು. ಆದರೆ ಅರ್ಧ ಪಾಠವೇ ಬಾರದವನು ಪೇಪರ್ ಬಿಡಿಸಲು ಕೂತರೆ ಏನಾಗುತ್ತೆ? ಮೂರು ಗಂಟೆ ಹೋಗುತ್ತೆ, ಬೇಜಾರು ಉಳಿಯುತ್ತೆ. ಹಾಗಾಗಿ ಬಿಡಿಸುವ ಬದಲು ಎಣಿಸಲು ಕೂತೆ. ಯಾವ ಅಧ್ಯಾಯದಿಂದ ಯಾವ ವರ್ಷ ಎಷ್ಟು ಅಂಕ ಬಂದಿದೆ ಅಂತ ಒಂದು ಟೇಬಲ್ ಮಾಡಿದೆ.

ಕೈಯಲ್ಲಿ ಹತ್ತು ಪೇಪರ್ ಇದ್ದವು. ಅದರಲ್ಲಿ ಹಳೆಯ ಮೂರನ್ನು ಪಕ್ಕಕ್ಕಿಟ್ಟೆ. ಆಗ ಪೇಪರಿನ ರಚನೆಯೇ ಬೇರೆ ಇತ್ತು, ಈಗ ಪಠ್ಯದಲ್ಲಿಲ್ಲದ ವಿಷಯಗಳೂ ಅದರಲ್ಲಿದ್ದವು. ಅವನ್ನೂ ಸೇರಿಸಿದ್ದರೆ ಸತ್ತ ಪ್ರಶ್ನೆಗಳಿಗೂ ಲೆಕ್ಕ ಸಿಕ್ಕಿಬಿಡುತ್ತಿತ್ತು. ಉಳಿದದ್ದು ಏಳು. ಏಳೂ ಒಂದೇ ಮಾದರಿಯವು: ಕಡ್ಡಾಯವಾದ ಒಂದಂಕದ ಇಪ್ಪತ್ತು ಪ್ರಶ್ನೆ, ಮೂರಂಕದ ಎಂಟು ಕೊಟ್ಟು ಐದು ಬರೆಯುವುದು, ಐದಂಕದ ಹತ್ತು ಕೊಟ್ಟು ಏಳು ಬರೆಯುವುದು. ಬರೆಯುವುದು 70ಕ್ಕೆ, ಆದರೆ ಅಚ್ಚಾಗಿರುವುದು 94 ಅಂಕದ ಪ್ರಶ್ನೆ. ಈ 24 ಅಂಕದ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

ಮೊದಲ ಸಲ ದಡ್ಡತನ ಮಾಡಿದೆ. ಪ್ರಶ್ನೆ ಬಂದಿದ್ದರೆ ಒಂದು ಟಿಕ್, ಅಷ್ಟೇ. ಕೊನೆಗೆ ನೋಡಿದರೆ ಎಲ್ಲ ಅಧ್ಯಾಯಕ್ಕೂ ಏಳರಲ್ಲಿ ಏಳು ಟಿಕ್! ಒಂದಂಕದ ಪ್ರಶ್ನೆ ಎಲ್ಲ ಕಡೆಯಿಂದಲೂ ಬಂದಿರುತ್ತೆ ಅಲ್ವಾ? ಅದನ್ನು ಹರಿದು ಹಾಕಿ, ಟಿಕ್ ಬದಲು ಅಂಕ ಬರೆಯಲು ಶುರು ಮಾಡಿದೆ. ಪ್ರತಿ ಅಧ್ಯಾಯಕ್ಕೆ ಒಂದು ಸಾಲು, ಪ್ರತಿ ವರ್ಷಕ್ಕೆ ಒಂದು ಕಾಲಂ. ಅಂಕದ ಪಕ್ಕ ಒಂದು ಅಕ್ಷರ: ಲೆಕ್ಕವಾದರೆ "ಲೆ", ಸೂತ್ರ ಸಾಧಿಸುವುದಾದರೆ "ಸಾ", ವಿವರಣೆಯಾದರೆ "ವಿ". ಒಂದು ಪೇಪರಿಗೆ ಹೆಚ್ಚೆಂದರೆ ಇಪ್ಪತ್ತೈದು ನಿಮಿಷ ಹಿಡಿಯಿತು. ಉತ್ತರ ಗೊತ್ತಿರಬೇಕಾಗಿಲ್ಲ, ಪ್ರಶ್ನೆ ಯಾವ ಪಾಠದ್ದು ಅಂತ ಗೊತ್ತಾದರೆ ಸಾಕು. ಗೊತ್ತಾಗದಿದ್ದರೆ ಪುಸ್ತಕದ ಪರಿವಿಡಿ ಪಕ್ಕದಲ್ಲೇ ಇರುತ್ತೆ.

ಕೆಲವು ಪ್ರಶ್ನೆ ಎರಡು ಅಧ್ಯಾಯಕ್ಕೆ ಕಾಲು ಚಾಚಿಕೊಂಡಿರುತ್ತವೆ. ಇಷ್ಟು ವೋಲ್ಟ್ ವಿಭವಾಂತರದಲ್ಲಿ ವೇಗ ಪಡೆದ ಎಲೆಕ್ಟ್ರಾನಿನ ಡಿ ಬ್ರಾಗ್ಲಿ ತರಂಗದೂರ ಕೇಳಿದ್ದರು. ವಿಭವಾಂತರ ಇದೆ ಅಂತ ಅದನ್ನು ಸ್ಥಿರವಿದ್ಯುತ್ತಿಗೆ ಹಾಕುವುದೋ, ಫೋಟೊಎಲೆಕ್ಟ್ರಿಕ್ ಪರಿಣಾಮ ಇರುವ ಪಾಠಕ್ಕೋ? ಯಾವ ಪಾಠ ಓದದಿದ್ದರೆ ಉತ್ತರದ ಮೊದಲ ಸಾಲನ್ನೇ ಬರೆಯಲು ಆಗುವುದಿಲ್ಲವೋ ಆ ಪಾಠಕ್ಕೆ ಪೂರ್ತಿ ಅಂಕ ಅಂತ ನಿಯಮ ಮಾಡಿಕೊಂಡೆ. ಅರ್ಧರ್ಧ ಹಂಚಲು ಹೋಗಲಿಲ್ಲ. ಟೇಬಲ್ ಗೋಜಲಾಗುತ್ತೆ.

ಆಮೇಲೆ ಸಾಲಿನ ಕೊನೆಯಲ್ಲಿ ಒಟ್ಟು ಹಾಕಿದೆ. ಮೊಬೈಲಿನ ಸ್ಪ್ರೆಡ್‌ಶೀಟಿನಲ್ಲಿ ಅದು `=SUM(B2:H2)`, ಮುಗೀತು. ಒಟ್ಟು ಜಾಸ್ತಿ ಇರುವುದು ಮೇಲೆ, ಕಡಿಮೆ ಇರುವುದು ಕೆಳಗೆ. ಪ್ಲಾನ್ ರೆಡಿ ಅಂದುಕೊಂಡೆ. ಅಲ್ಲೇ ಎಡವಿದ್ದು.

ಕಿರಣ ದೃಗ್ವಿಜ್ಞಾನದಲ್ಲಿ, ಅಂದರೆ ಮಸೂರ, ಪ್ರಿಸಂ ಬರುವ ಪಾಠದಲ್ಲಿ, ಏನೂ ಗೊಂದಲ ಇರಲಿಲ್ಲ. ಒಟ್ಟು 60 ಅಂಕ, ಪಟ್ಟಿಯ ತುದಿಯಲ್ಲೇ ಇತ್ತು. ಗೊಂದಲ ಬಂದದ್ದು ನಡುವೆ ಇದ್ದ ಎರಡು ಸಾಲುಗಳಲ್ಲಿ. ಫೋಟೊಎಲೆಕ್ಟ್ರಿಕ್ ಪಾಠಕ್ಕೆ ಒಟ್ಟು 34. ಪರ್ಯಾಯ ವಿದ್ಯುತ್ತಿಗೂ, ನಾವು ಎಸಿ ಅನ್ನುವ ಪಾಠಕ್ಕೂ, 34. ಒಟ್ಟು ಮಾತ್ರ ನೋಡಿದರೆ ಎರಡೂ ಅವಳಿ. ಸಾಲು ಬಿಡಿಸಿ ನೋಡಿದರೆ ಹೀಗಿತ್ತು:

```
ಫೋಟೊಎಲೆಕ್ಟ್ರಿಕ್   5  6  4  5   5  4  5   = 34
ಎಸಿ              6  1  9  1  10  1  6   = 34
```

ಮೊದಲನೆಯದು ಸಂಬಳದ ಹಾಗೆ, ಕಡಿಮೆ ಅಂದರೂ 4 ಬಂದೇ ಬರುತ್ತೆ. ಎರಡನೆಯದು ಒಂದು ವರ್ಷ ಹಬ್ಬ, ಮರುವರ್ಷ ಉಪವಾಸ. ಅದನ್ನು ನೋಡಿ ನಾನು ಭವಿಷ್ಯ ಹೇಳಲು ಹೊರಟೆ. ಆರು, ಒಂದು, ಒಂಬತ್ತು, ಒಂದು, ಹತ್ತು, ಒಂದು, ಆರು... ಕಳೆದ ವರ್ಷ ಹಬ್ಬ ಆಗಿದೆ, ಈ ವರ್ಷ ಒಂದೇ ಅಂಕ! ಎಸಿ ಪಾಠ ಬಿಟ್ಟೆ. ಅಷ್ಟು ಹೊತ್ತು ಉಳಿಯಿತು ಅಂತ ಖುಷಿಯೂ ಆಯಿತು.

ಮುಖ್ಯ ಪರೀಕ್ಷೆಗೂ ಮುಂಚೆ ಒಂದು ಮಾದರಿ ಪರೀಕ್ಷೆ ಇತ್ತು. ಅದರಲ್ಲಿ ಸರಣಿ LCR ಮಂಡಲದ ಇಂಪೀಡೆನ್ಸ್ ಸೂತ್ರ ಸಾಧಿಸಲು ಐದಂಕಕ್ಕೆ ಕೇಳಿದರು. ಟ್ರಾನ್ಸ್‌ಫಾರ್ಮರ್ ಮೂರಂಕಕ್ಕೆ ಬಂತು. ಎರಡನ್ನೂ ಬಿಟ್ಟು ಎದ್ದು ಬಂದೆ.

ಸಂಜೆ ಟೇಬಲ್ ಮುಂದೆ ಹಾಕಿಕೊಂಡು ಗೊಣಗುತ್ತಿದ್ದಾಗ ಅಕ್ಕ ಬಗ್ಗಿ ನೋಡಿದಳು. ಅವಳು ಇದೇ ವಿಷಯ ಓದಿ ಮುಗಿಸಿದವಳು.

"ಎಸಿ ಮೇಲಿನ ಸಾಲು ಯಾವುದೋ?"

"ಪ್ರೇರಣೆ. ಫ್ಯಾರಡೆ, ಲೆಂಜ್ ನಿಯಮ ಎಲ್ಲ ಬರುತ್ತಲ್ಲಕ್ಕಾ, ಆ ಪಾಠ."

"ಪುಸ್ತಕದಲ್ಲಿ ಅವೆರಡೂ ಒಂದೇ ಯೂನಿಟ್ ಅಲ್ವೇನೋ? ಕೂಡಿಸಿ ನೋಡು."

ಕೂಡಿಸಿದೆ.

```
ಪ್ರೇರಣೆ    4   9   1   9   1   9   5
ಎಸಿ       6   1   9   1  10   1   6
ಎರಡೂ    10  10  10  10  11  10  11
```

ನೋಡಿ ಸುಮ್ಮನೆ ಕೂತುಬಿಟ್ಟೆ. ಪ್ರಶ್ನೆಪತ್ರಿಕೆ ಮಾಡುವವರು ಪಾಠಕ್ಕೆ ಅಂಕ ಇಟ್ಟಿರಲಿಲ್ಲ, ಯೂನಿಟ್ಟಿಗೆ ಇಟ್ಟಿದ್ದರು. ಆ ಹತ್ತು ಅಂಕ ಒಂದು ವರ್ಷ ಈ ಪಾಠಕ್ಕೆ, ಇನ್ನೊಂದು ವರ್ಷ ಆ ಪಾಠಕ್ಕೆ ಬೀಳುತ್ತಿತ್ತು. ನನಗೆ ಕಂಡ ಹಬ್ಬ-ಉಪವಾಸದ ಲಯ ಬರೀ ಕಾಕತಾಳೀಯ. ಏಳು ವರ್ಷದ ಅಂಕಿಯಲ್ಲಿ ಅಂಥ ಲಯ ಯಾರಿಗೆ ಬೇಕಾದರೂ ಕಾಣುತ್ತೆ. ನಾಣ್ಯ ಏಳು ಸಲ ಚಿಮ್ಮಿದರೂ ಒಮ್ಮೊಮ್ಮೆ ಹಾಗೆ ಬೀಳುತ್ತಲ್ಲ! ಒಂದೊಂದನ್ನೇ ನೋಡಿದರೆ ಎರಡೂ ನಂಬಿಕೆಗೆ ಬಾರದ ಪಾಠಗಳು. ಸೇರಿಸಿ ಓದಿದರೆ ಹತ್ತು ಅಂಕ ಕೈಗೆ ಬರುವ ಹಾಗಿತ್ತು. ಒಂದನ್ನು ಓದಿ ಇನ್ನೊಂದನ್ನು ಬಿಡುವುದೇ ಎಲ್ಲಕ್ಕಿಂತ ಕೆಟ್ಟ ವ್ಯಾಪಾರ.

ಅವತ್ತೇ ಟೇಬಲನ್ನು ಯೂನಿಟ್ ಪ್ರಕಾರ ಮತ್ತೆ ಜೋಡಿಸಿದೆ. ಒಟ್ಟಿನ ಪಕ್ಕ ಇನ್ನೊಂದು ಕಾಲಂ ಸೇರಿಸಿದೆ: `=MIN(B2:H2)`. ಏಳು ವರ್ಷದಲ್ಲಿ ಅತಿ ಕಡಿಮೆ ಬಂದದ್ದೆಷ್ಟು ಅಂತ. ಮೊದಲ ಸುತ್ತಿನ ಓದಿಗೆ ಒಟ್ಟನ್ನು ನೋಡಲೇ ಇಲ್ಲ, ಈ ಕನಿಷ್ಠದ ಕಾಲಂ ಮಾತ್ರ ನೋಡಿದೆ. ಕನಿಷ್ಠ ಜಾಸ್ತಿ ಇರುವ ಯೂನಿಟ್ ಮೊದಲು. ಒಟ್ಟು ಲೆಕ್ಕಕ್ಕೆ ಬಂದದ್ದು ಎರಡನೇ ಸುತ್ತಿನಲ್ಲಿ.

ಇನ್ನು ಬಿಡುವುದರ ಲೆಕ್ಕ. ಆ 24 ಅಂಕದ ಸಡಿಲು ಇಲ್ಲಿ ಬರುತ್ತೆ. ಐದಂಕದ ಹತ್ತರಲ್ಲಿ ಮೂರು ಬಿಡಬಹುದು, ಮೂರಂಕದ ಎಂಟರಲ್ಲೂ ಮೂರು ಬಿಡಬಹುದು. ಒಂದಂಕದ್ದು ಮಾತ್ರ ಒಂದೂ ಬಿಡುವ ಹಾಗಿಲ್ಲ. ಹಾಗಾಗಿ "ಪಾಠ ಬಿಟ್ಟೆ" ಅನ್ನುವ ಮಾತೇ ತಪ್ಪು. ಬಿಡುವುದು ಆ ಪಾಠದ ದೊಡ್ಡ ಪ್ರಶ್ನೆಗಳನ್ನು. ವ್ಯಾಖ್ಯೆ, ಏಕಮಾನ, ಸೂತ್ರ ಎಲ್ಲ ಪಾಠದ್ದೂ ಓದಲೇಬೇಕು.

ನಾನು ಬಿಡಬೇಕೆಂದಿದ್ದು ಮೂರು: ವಿದ್ಯುತ್ಕಾಂತೀಯ ತರಂಗಗಳು, ವಸ್ತುಗಳ ಕಾಂತೀಯ ಗುಣ, ನ್ಯೂಕ್ಲಿಯಸ್. ಬಿಡುವ ಮುಂಚೆ ಹಳೇ ಏಳೂ ವರ್ಷದ ಮೇಲೆ ಒರೆ ಹಚ್ಚಿದೆ. ಈ ಮೂರೂ ಬಿಟ್ಟು ಆ ವರ್ಷ ಪರೀಕ್ಷೆಗೆ ಕೂತಿದ್ದರೆ ಎಷ್ಟು ಪ್ರಶ್ನೆ ಕೈ ತಪ್ಪುತ್ತಿತ್ತು? ಅತಿ ಕೆಟ್ಟ ವರ್ಷದಲ್ಲಿ ಐದಂಕದ್ದು ಎರಡು. ಪರವಾಗಿಲ್ಲ, ಇನ್ನೊಂದಕ್ಕೆ ಜಾಗ ಇದೆ. ಆದರೆ ಮೂರಂಕದ್ದು ಪೂರ್ತಿ ಮೂರು. ಅಂದರೆ ಉಳಿದ ಐದರಲ್ಲಿ ಒಂದು ಬಾರದಿದ್ದರೂ ಅಂಕ ಹೋಯಿತು. ಟೇಬಲಿನಲ್ಲಿ ಅಕ್ಷರ ನೋಡಿದೆ. ಕಾಂತೀಯ ಗುಣದ ಸಾಲಿನಲ್ಲಿ ಮೂರಂಕದವೆಲ್ಲ "ವಿ". ಪೇಪರ್ ತಿರುವಿದರೆ ಅದರಲ್ಲಿ ಹೆಚ್ಚಿನವು ಡಯಾ, ಪ್ಯಾರಾ, ಫೆರೋ ವಸ್ತುಗಳ ವ್ಯತ್ಯಾಸ. ಅಷ್ಟನ್ನು ಮಾತ್ರ ಓದಿಕೊಂಡೆ. ಮುಕ್ಕಾಲು ಗಂಟೆಯ ಕೆಲಸ, ಒಂದು ಪ್ರಶ್ನೆಯ ಉಸಿರು ಸಿಕ್ಕಿತು.

ಹಾಗೆ ನೋಡಿದರೆ ಆ ಅಕ್ಷರಗಳಿಂದಲೇ ನನಗೆ ಜಾಸ್ತಿ ಉಪಯೋಗ ಆದದ್ದು. ಕಿರಣ ದೃಗ್ವಿಜ್ಞಾನದಲ್ಲಿ ಏಳು ವರ್ಷಕ್ಕೆ ಐದಂಕದ್ದು ಎಂಟು ಬಂದಿದ್ದವು. ಅದರಲ್ಲಿ ಐದು "ಸಾ", ಮೂರು "ಲೆ". ಸಾಧಿಸಲು ಕೇಳಿದ್ದು ತಿರುಗಿ ಮುರುಗಿ ಮೂರೇ: ಗೋಳೀಯ ಮೇಲ್ಮೈಯಲ್ಲಿ ವಕ್ರೀಭವನ, ಮಸೂರ ತಯಾರಕರ ಸೂತ್ರ, ಪ್ರಿಸಂ. ಅಲ್ಲಿಯವರೆಗೆ ಆ ಪಾಠ ಅಂದರೆ ಲೆಕ್ಕ ಅಂದುಕೊಂಡು ಲೆಕ್ಕವನ್ನೇ ಉಜ್ಜುತ್ತಿದ್ದೆ. ಮರುದಿನದಿಂದ ಆ ಮೂರನ್ನೂ ಪುಸ್ತಕ ಮುಚ್ಚಿ ಚಿತ್ರ ಸಮೇತ ಬರೆದೆ, ಕೈ ತಡೆಯದೆ ಓಡುವವರೆಗೆ.

ಈ ಟೇಬಲ್ ಹೇಳದ ಒಂದು ವಿಷಯವೂ ಇದೆ. ಯಾವುದು ಬರುತ್ತೆ ಅಂತ ಅದು ಹೇಳುತ್ತೆ, ಅದನ್ನು ಎಷ್ಟು ನಿಮಿಷದಲ್ಲಿ ಬರೆಯುತ್ತೀಯ ಅಂತ ಹೇಳಲ್ಲ. ಇನ್ನೂ ಒಂದು ಮೋಸ ಉಂಟು. ಎಣಿಸುವಾಗ ಪ್ರತಿ ಪ್ರಶ್ನೆಯನ್ನೂ ಓದಿರುತ್ತೀವಿ. ನಾಲ್ಕು ವಾರ ಕಳೆದ ಮೇಲೆ ಆ ಪ್ರಶ್ನೆಗಳೆಲ್ಲ ಪರಿಚಿತ ಮುಖಗಳ ಹಾಗೆ ಕಾಣುತ್ತವೆ, ಬರುತ್ತೆ ಅನ್ನಿಸುತ್ತೆ. ಹೆಸರು ಕೇಳಿದರೆ ನೆನಪಾಗಲ್ಲ! ನಾನು ಒಂದೂ ಪೇಪರ್ ಗಡಿಯಾರ ಇಟ್ಟು ಬಿಡಿಸಿರಲಿಲ್ಲ. ಅದರ ಬೆಲೆ ಪರೀಕ್ಷೆ ದಿನ ತೆತ್ತೆ. ಐದಂಕದ ಮೊದಲ ಉತ್ತರಕ್ಕೇ ಹದಿನೆಂಟು ನಿಮಿಷ ಹೋಯಿತು. ಕೊನೆಯ ಎರಡು ಉತ್ತರದ ಅಕ್ಷರ ನನಗೇ ಓದಲಾಗದ ಹಾಗಿತ್ತು. ಇನ್ನೊಮ್ಮೆ ಮಾಡುವುದಾದರೆ ಇತ್ತೀಚಿನ ಒಂದು ಪೇಪರನ್ನು ಎಣಿಸಲು ಬೇರೆಯವರಿಗೆ ಕೊಡುತ್ತೇನೆ. ಅದನ್ನು ನಾನು ಕಣ್ಣಿಂದಲೂ ನೋಡದೆ ಕೊನೆಯ ವಾರಕ್ಕೆ ಎತ್ತಿಡುತ್ತೇನೆ.

ಪೇಪರ್ ಹೇಗಿತ್ತು ಅಂತ ಕೇಳ್ತೀರಾ? ಪ್ರೇರಣೆಗೆ ಒಂದೇ ಅಂಕ, ಎಸಿಗೆ ಒಂಬತ್ತು. ಕೂಡಿದರೆ ಹತ್ತು. ನನ್ನ ಭವಿಷ್ಯ ನಂಬಿದ್ದರೆ ಉಪವಾಸವೇ ಗತಿ. ಆದರೆ ಕಿರಣ ದೃಗ್ವಿಜ್ಞಾನದಲ್ಲಿ ಆ ಮೂರರಲ್ಲಿ ಒಂದೂ ಬರಲಿಲ್ಲ. ಏಳು ವರ್ಷದಲ್ಲಿ ಒಮ್ಮೆಯೂ ಐದಂಕಕ್ಕೆ ಬಾರದ ಸಂಯುಕ್ತ ಸೂಕ್ಷ್ಮದರ್ಶಕ ಬಂತು. ನ್ಯೂಕ್ಲಿಯಸ್ಸಿನದೊಂದು, ಇದೊಂದು, ಎರಡನ್ನೂ ಬಿಟ್ಟೆ. ಉಳಿದ ಎಂಟರಲ್ಲಿ ಏಳು ಬರೆದೆ.